ಸ್ಟಾರ್ಟ್‌ಅಪ್ ಸಲಹೆಗಾರರ ಪರಿಚಯ ಬರೆಯುವುದು ಹೇಗೆ: ಒಂದು ಉದಾಹರಣೆ, ಮೊದಲಿನಿಂದ ಕೊನೆಯವರೆಗೆ

ಸ್ಟಾರ್ಟ್‌ಅಪ್‌ಗಳ ವೆಬ್‌ಸೈಟಿನಲ್ಲಿ ‘ನಮ್ಮ ಸಲಹಾ ಮಂಡಳಿ’ ಎಂಬ ಪುಟ ತೆರೆದರೆ ಬಹುತೇಕ ಕಡೆ ಒಂದೇ ಧಾಟಿಯ ಬರಹ ಸಿಗುತ್ತದೆ. ಇಷ್ಟು ವರ್ಷಗಳ ಅಪಾರ ಅನುಭವ, ಇಂತಿಂಥ ಕಂಪನಿಗಳಲ್ಲಿ ಉನ್ನತ ಹುದ್ದೆ, ಹೊಸತನದ ಬಗ್ಗೆ ಅತೀವ ಆಸಕ್ತಿ. ಎಲ್ಲವನ್ನೂ ಓದಿದ ಮೇಲೂ ಈ ವ್ಯಕ್ತಿ ಈ ಕಂಪನಿಗೆ ಏನು ಮಾಡಿಕೊಡುತ್ತಾರೆ ಎಂಬುದು ಮಾತ್ರ ತಿಳಿಯುವುದಿಲ್ಲ. ಹೆಸರು ಬದಲಿಸಿ ಪಕ್ಕದ ಫೋಟೊ ಕೆಳಗೆ ಅಂಟಿಸಿದರೂ ಯಾರಿಗೂ ವ್ಯತ್ಯಾಸ ಗೊತ್ತಾಗದು.

ಸಲಹೆಗಾರರ ಪರಿಚಯ ಬಯೋಡೇಟಾದ ಸಂಕ್ಷಿಪ್ತ ರೂಪವಲ್ಲ. ಬಯೋಡೇಟಾ ವ್ಯಕ್ತಿಯ ಇಡೀ ವೃತ್ತಿಜೀವನವನ್ನು ಹೇಳುತ್ತದೆ. ಪರಿಚಯ ಹೇಳಬೇಕಾದದ್ದು ಎರಡೇ ವಿಷಯ: ಈ ಕಂಪನಿಯ ಯಾವ ಪ್ರಶ್ನೆಗೆ ಇವರ ಮಾತನ್ನು ನಂಬಬಹುದು, ಆ ಪ್ರಶ್ನೆ ಬಂದಾಗ ಇವರು ಏನು ಮಾಡುತ್ತಾರೆ. ಉಳಿದದ್ದೆಲ್ಲ ಇವೆರಡಕ್ಕೆ ಆಧಾರವಾಗಿ ಬಂದರೆ ಸಾಕು.

ಈ ಕೆಲಸವನ್ನು ಒಂದೇ ಉದಾಹರಣೆ ಹಿಡಿದು ಕೊನೆಯವರೆಗೂ ಮಾಡಿ ನೋಡೋಣ. ಕಂಪನಿಯೂ ಸಲಹೆಗಾರ್ತಿಯೂ ಕಲ್ಪಿತ, ಕ್ಷೇತ್ರದ ವಿವರಗಳು ಮಾತ್ರ ನಿಜವಾದವು. ಲಸಿಕೆ ಇಡುವ ಫ್ರಿಜ್‌ಗಳೊಳಗೆ ಕೂರಿಸುವ ಸಣ್ಣ ಸೆನ್ಸರ್ ಒಂದನ್ನು ಮೂವರು ಸಂಸ್ಥಾಪಕರು ತಯಾರಿಸುತ್ತಿದ್ದಾರೆ. ತಾಪಮಾನ ಏರುಪೇರಾದರೆ ಅದು ಮೊಬೈಲ್‌ಗೆ ಎಚ್ಚರಿಕೆ ಕಳಿಸುತ್ತದೆ. ಮೂವರಲ್ಲಿ ಒಬ್ಬರು ಹಾರ್ಡ್‌ವೇರ್, ಒಬ್ಬರು ಸಾಫ್ಟ್‌ವೇರ್, ಒಬ್ಬರು ಮಾರಾಟ ನೋಡಿಕೊಳ್ಳುತ್ತಾರೆ. ಲಸಿಕೆ ಉಗ್ರಾಣದಲ್ಲಿ ಕೆಲಸ ಮಾಡಿದ ಅನುಭವ ಮೂವರಿಗೂ ಇಲ್ಲ. ಆ ಕೊರತೆ ತುಂಬಲು, ಪ್ರಾದೇಶಿಕ ಲಸಿಕೆ ಉಗ್ರಾಣ ನಡೆಸಿ ನಿವೃತ್ತರಾದ ಒಬ್ಬರನ್ನು ಸಲಹೆಗಾರರಾಗಲು ಒಪ್ಪಿಸಿದ್ದಾರೆ. ಮೊದಲ ಸಲ ಅವರ ಬಗ್ಗೆ ಬರೆದದ್ದು ಹೀಗಿತ್ತು:

> ಲಸಿಕೆ ಸರಬರಾಜು ಕ್ಷೇತ್ರದಲ್ಲಿ 22 ವರ್ಷಗಳ ಅಪಾರ ಅನುಭವ ಹೊಂದಿರುವ ಇವರು ಹಲವು ಪ್ರತಿಷ್ಠಿತ ಸಂಸ್ಥೆಗಳಲ್ಲಿ ಉನ್ನತ ಹುದ್ದೆಗಳನ್ನು ನಿರ್ವಹಿಸಿದ್ದಾರೆ. ಸಾರ್ವಜನಿಕ ಆರೋಗ್ಯದಲ್ಲಿ ತಂತ್ರಜ್ಞಾನದ ಬಳಕೆಯ ಬಗ್ಗೆ ತೀವ್ರ ಆಸಕ್ತಿಯುಳ್ಳ ಇವರು ನಮ್ಮ ತಂಡಕ್ಕೆ ಕಾರ್ಯತಂತ್ರದ ಮಾರ್ಗದರ್ಶನ ನೀಡುತ್ತಿದ್ದಾರೆ.

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಕೆಲಸಕ್ಕೆ ಬರುವ ಮಾತೂ ಒಂದಿಲ್ಲ.

## ಮೊದಲು ಸಂಸ್ಥಾಪಕರ ಪ್ರಶ್ನೆಗಳನ್ನು ಬರೆದುಕೊಳ್ಳಿ

ಸಲಹೆಗಾರರ ಹಿನ್ನೆಲೆಯಿಂದ ಶುರು ಮಾಡಿದರೆ ಬರಹ ಮತ್ತೆ ಬಯೋಡೇಟಾ ಆಗುತ್ತದೆ. ಅದಕ್ಕೇ ಕಂಪನಿಯ ಕಡೆಯಿಂದ ಶುರು ಮಾಡಿ. ಮುಂದಿನ ಆರು ತಿಂಗಳಲ್ಲಿ ನಿಮ್ಮ ತಂಡಕ್ಕೆ ತಾನಾಗಿ ಉತ್ತರಿಸಲು ಆಗದ, ತಪ್ಪಾದರೆ ದುಬಾರಿಯಾಗುವ ಪ್ರಶ್ನೆಗಳು ಯಾವುವು? ಒಂದು ಹಾಳೆಯಲ್ಲಿ ಬರೆಯಿರಿ. ಮೂರು ನಾಲ್ಕು ಸಾಕು, ಹತ್ತಾದರೆ ಇನ್ನೂ ಸರಿಯಾಗಿ ಯೋಚಿಸಿಲ್ಲ ಎಂದರ್ಥ.

ನಮ್ಮ ಸೆನ್ಸರ್ ಕಂಪನಿಯ ಹಾಳೆಯಲ್ಲಿ ಮೂರು ಪ್ರಶ್ನೆಗಳಿದ್ದವು. ಅಲಾರಂ ಯಾವಾಗ ಹೊಡೆಯಬೇಕು? ಉಪಕರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆ, ಅಂದರೆ ಲಸಿಕೆ ಕಾರ್ಯಕ್ರಮಗಳಿಗೆ ಕೊಳ್ಳಲು ತಕ್ಕದ್ದು ಎಂಬ ಮುಂಚಿತ ಮಾನ್ಯತೆ, ಪಡೆಯಲು ಸಲ್ಲಿಸುವ ಕಡತದಲ್ಲಿ ಏನೇನು ಇರಬೇಕು? ಮೊದಲ ಪ್ರಯೋಗವನ್ನು ದೊಡ್ಡ ಉಗ್ರಾಣದಲ್ಲಿ ಮಾಡಬೇಕೋ, ಸಣ್ಣ ಆರೋಗ್ಯ ಕೇಂದ್ರದಲ್ಲೋ? ಹೂಡಿಕೆ ಎತ್ತುವುದು ಹೇಗೆ ಎಂಬ ಪ್ರಶ್ನೆಯೂ ಅವರ ಮುಂದಿತ್ತು. ಆದರೆ ಅದಕ್ಕೆ ಉತ್ತರಿಸಬಲ್ಲವರು ಈ ಸಲಹೆಗಾರ್ತಿ ಅಲ್ಲ, ಹಾಗಾಗಿ ಅದನ್ನು ಹಾಳೆಯಿಂದ ತೆಗೆದರು. ಒಬ್ಬರ ಪರಿಚಯದಲ್ಲಿ ಎಲ್ಲ ಪ್ರಶ್ನೆಗೂ ಉತ್ತರ ತುರುಕಿದರೆ ಯಾವುದನ್ನೂ ಓದುಗರು ನಂಬುವುದಿಲ್ಲ.

## ಹುದ್ದೆ ಕೇಳಬೇಡಿ, ತೀರ್ಮಾನ ಕೇಳಿ

ಈಗ ಸಲಹೆಗಾರರ ಜತೆ ಮುಕ್ಕಾಲು ಗಂಟೆ ಕೂತು ಮಾತಾಡಿ. ಇಡೀ ಕೆಲಸದಲ್ಲಿ ಇದೇ ಮುಖ್ಯವಾದ ಹಂತ. ಹೆಚ್ಚಿನವರು ಇದನ್ನು ಬಿಟ್ಟು ಲಿಂಕ್ಡ್‌ಇನ್ ಪುಟದಿಂದ ನಾಲ್ಕು ಸಾಲು ಎತ್ತಿಕೊಳ್ಳುತ್ತಾರೆ.

‘ನಿಮ್ಮ ಅನುಭವದ ಬಗ್ಗೆ ಹೇಳಿ’ ಎಂದರೆ ಹುದ್ದೆಗಳ ಸರಣಿ ಬರುತ್ತದೆ. ಬದಲಿಗೆ ಕೇಳಬೇಕಾದದ್ದು: ಯಾವ ಸಮಸ್ಯೆ ಬಂದಾಗ ಬೇರೆಯವರು ನಿಮಗೇ ಫೋನ್ ಮಾಡುತ್ತಿದ್ದರು? ಮಾಹಿತಿ ಪೂರ್ತಿ ಇಲ್ಲದೆಯೂ ನೀವೇ ತೀರ್ಮಾನಿಸಬೇಕಾಗಿದ್ದ ಸಂದರ್ಭ ಯಾವುದು? ಚೆನ್ನಾಗಿ ಕಾಣುತ್ತಿದ್ದ ಯಾವ ಪ್ರಸ್ತಾವವನ್ನು ತಿರಸ್ಕರಿಸಿದಿರಿ, ಏಕೆ? ಹೊರಗಿನವರು ನಿಮ್ಮ ಕ್ಷೇತ್ರದ ಬಗ್ಗೆ ಯಾವುದನ್ನು ಪದೇ ಪದೇ ತಪ್ಪು ತಿಳಿಯುತ್ತಾರೆ?

ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಸಾಮಾನ್ಯವಾಗಿ ಪರಿಣತಿ ಎದ್ದು ಕಾಣುತ್ತದೆ. ನಮ್ಮ ಸಲಹೆಗಾರ್ತಿಯ ಉತ್ತರವನ್ನೇ ನೋಡಿ.

“ಎಲ್ಲರಿಗೂ ಬಿಸಿಯದ್ದೇ ಭಯ,” ಎಂದರು ಅವರು. “ಕರೆಂಟ್ ಹೋದರೆ ಗಾಬರಿಯಾಗುತ್ತಾರೆ. ಆದರೆ ಅಲ್ಯೂಮಿನಿಯಂ ಲವಣ ಸೇರಿಸಿದ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಮುಗೀತು, ಆಮೇಲೆ ಕರಗಿಸಿ ಇಟ್ಟರೂ ಪ್ರಯೋಜನವಿಲ್ಲ. ರಾತ್ರಿ ಹೆಪ್ಪುಗಟ್ಟಿ ಬೆಳಗ್ಗೆ ಕರಗಿರುತ್ತೆ. ಸಿಬ್ಬಂದಿ ದಿನಕ್ಕೆರಡು ಸಲ ಬರೆಯುವ ಪುಸ್ತಕದಲ್ಲಿ ಎಲ್ಲಾ ಸರಿಯಾಗೇ ಕಾಣುತ್ತೆ.”

“ಹಾಗಾದರೆ ಗೊತ್ತಾಗೋದು ಹೇಗೆ ಮೇಡಂ?”

“ಅದೇ ಬ್ಯಾಚಿನ ಒಂದು ಬಾಟಲಿಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿ, ಅನುಮಾನ ಇರೋ ಬಾಟಲಿ ಜತೆಗೆ ಎರಡನ್ನೂ ಅಲುಗಾಡಿಸಿ ಇಟ್ಟು ನೋಡ್ತೀವಿ. ಹೆಪ್ಪುಗಟ್ಟಿದ್ದರಲ್ಲಿ ಗಷ್ಟು ಬೇಗ ತಳಕ್ಕಿಳಿಯುತ್ತೆ. ಅನುಮಾನದ ಬಾಟಲೀಲೂ ಅಷ್ಟೇ ಬೇಗ ಇಳಿದರೆ ಅದನ್ನು ಎಸೆಯಬೇಕು.”

ಈ ಮಾತಿನಲ್ಲಿ ಹುದ್ದೆಯ ಪ್ರಸ್ತಾಪವೇ ಇಲ್ಲ. ಆದರೂ ಇದನ್ನು ಕೇಳಿದವರಿಗೆ, ಇವರು ಈ ಕೆಲಸವನ್ನು ಕೈಯಾರೆ ಮಾಡಿದವರು ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಅಲಾರಂ ವಿಷಯದಲ್ಲೂ ಹೀಗೇ ಆಯಿತು. ತಾಪಮಾನ 8 ಡಿಗ್ರಿ ದಾಟಿದ ಕ್ಷಣವೇ ಅಲಾರಂ ಹೊಡೆಯಲಿ ಎಂದು ಸಂಸ್ಥಾಪಕರು ತೀರ್ಮಾನಿಸಿದ್ದರು. ಫ್ರಿಜ್ ಬಾಗಿಲು ತೆರೆದಾಗಲೆಲ್ಲ ಅದು ಕೂಗತೊಡಗಿದರೆ ವಾರದೊಳಗೆ ಸಿಬ್ಬಂದಿ ಅದನ್ನು ಮೌನವಾಗಿಸುತ್ತಾರೆ ಎಂದರು ಸಲಹೆಗಾರ್ತಿ. ಉಗ್ರಾಣಗಳಲ್ಲಿ ಬಳಸುವ 30 ದಿನಗಳ ತಾಪಮಾನ ದಾಖಲೆ ಉಪಕರಣಗಳಲ್ಲಿ ಬಿಸಿಗೆ ಮತ್ತು ಚಳಿಗೆ ಮಿತಿ ಬೇರೆ ಬೇರೆ: 8 ಡಿಗ್ರಿಗಿಂತ ಮೇಲೆ ಸತತ 10 ಗಂಟೆ ಇದ್ದರೆ ಅಲಾರಂ, ಆದರೆ ಮೈನಸ್ 0.5 ಡಿಗ್ರಿಗೆ ಅಥವಾ ಅದಕ್ಕೂ ಕೆಳಗೆ ಇಳಿದರೆ 60 ನಿಮಿಷಕ್ಕೇ ಅಲಾರಂ. ಈ ಅಂಕಿಗಳನ್ನು ಪರಿಚಯದಲ್ಲಿ ಬರೆಯಬೇಕೆಂದಿಲ್ಲ. ಆದರೆ ‘ಹೆಪ್ಪುಗಟ್ಟಿ ಕೆಡುವ ಲಸಿಕೆ’ ಎಂಬ ಎರಡು ಮೂರು ಪದಗಳು ಅಲ್ಲಿ ಇರಲೇಬೇಕು. ಕ್ಷೇತ್ರ ಬಲ್ಲ ಖರೀದಿದಾರ ಓದಿದಾಗ ಅವನ ಕಣ್ಣು ನಿಲ್ಲುವುದು ಅಲ್ಲೇ.

ಮಾತುಕತೆಯ ಟಿಪ್ಪಣಿಯನ್ನು ಅವರದೇ ಮಾತಿನಲ್ಲಿ ಇಟ್ಟುಕೊಳ್ಳಿ. ‘ಶೀತಲ ಸರಪಳಿ ನಿರ್ವಹಣೆಯಲ್ಲಿ ಪರಿಣತರು’ ಎಂದು ಅಲ್ಲೇ ಅನುವಾದಿಸಿಬಿಟ್ಟರೆ ಸಿಕ್ಕಿದ್ದೆಲ್ಲ ಕೈತಪ್ಪುತ್ತದೆ.

## ಪರಿಣತಿಯ ಸಾಲುಗಳು

ಈಗ ಬರೆಯಲು ಕೂರಬಹುದು. ಪರಿಣತಿಗೆ ಎರಡು ಮೂರು ವಾಕ್ಯ ಸಾಕು. ಅವುಗಳಲ್ಲಿ ಏನನ್ನು ನಡೆಸಿದರು, ಯಾವ ತೀರ್ಮಾನಕ್ಕೆ ಹೊಣೆಯಾಗಿದ್ದರು ಎಂಬುದು ಇರಲಿ. ಒಟ್ಟು ವರ್ಷಗಳ ಲೆಕ್ಕಕ್ಕಿಂತ ಸಂಬಂಧಪಟ್ಟ ವರ್ಷಗಳ ಲೆಕ್ಕ ಹೇಳಿ. ಈ ಸಲಹೆಗಾರ್ತಿಯ 22 ವರ್ಷಗಳಲ್ಲಿ ಉಗ್ರಾಣದ ಕೆಲಸ 14 ವರ್ಷ, ಉಳಿದದ್ದು ತರಬೇತಿ ಮತ್ತು ಆಡಳಿತ. ಆದ್ದರಿಂದ ಬರೆಯಬೇಕಾದದ್ದು 14. ಸಂಖ್ಯೆ ಚಿಕ್ಕದಾದರೂ ಮಾತಿನ ತೂಕ ಹೆಚ್ಚುತ್ತದೆ.

‘ಮಾಜಿ ಮುಖ್ಯಸ್ಥರು’ ಎಂದು ದೊಡ್ಡ ಸಂಸ್ಥೆಯ ಹೆಸರನ್ನು ಮುಂದೆ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಹೆಸರು ಹಾಕಬಾರದೆಂದಲ್ಲ. ಆದರೆ ದೊಡ್ಡ ಹೆಸರಿಗೂ ಈ ಕಂಪನಿಯ ಕೆಲಸಕ್ಕೂ ಕೊಂಡಿ ಕಾಣದಿದ್ದರೆ ಅನುಭವಸ್ಥ ಓದುಗರು ಅದನ್ನು ಕೊರತೆಯಾಗಿಯೇ ಓದುತ್ತಾರೆ. ರಕ್ತಪರೀಕ್ಷೆಯ ಕಂಪನಿ ಥೆರಾನೋಸ್‌ನ ಕಥೆ ಈಗ ಎಲ್ಲರಿಗೂ ಗೊತ್ತು. ಅದರ ನಿರ್ದೇಶಕ ಮಂಡಳಿಯಲ್ಲಿ ಜಾರ್ಜ್ ಶುಲ್ಟ್ಸ್, ಹೆನ್ರಿ ಕಿಸಿಂಜರ್‌ರಂಥ ಮಾಜಿ ವಿದೇಶಾಂಗ ಸಚಿವರಿದ್ದರು, ಸೇನಾ ಜನರಲ್ ಇದ್ದರು. 2015ರ ಅಕ್ಟೋಬರ್‌ನಲ್ಲಿ ಪತ್ರಿಕಾ ವರದಿಗಳು ಅದರ ತಂತ್ರಜ್ಞಾನವನ್ನೇ ಪ್ರಶ್ನಿಸಿದವು. ಪ್ರಯೋಗಾಲಯ ಮತ್ತು ವೈದ್ಯಕೀಯ ಪರಿಣತರ ಸಲಹಾ ಮಂಡಳಿಯ ಹೆಸರುಗಳನ್ನು ಕಂಪನಿ ಪ್ರಕಟಿಸಿದ್ದು ಅದರ ನಂತರ, 2016ರಲ್ಲಿ. ಅಂದಿನಿಂದ ಹೂಡಿಕೆದಾರರು ಸಲಹೆಗಾರರ ಪುಟ ನೋಡುವಾಗ ಮೊದಲು ಕೇಳಿಕೊಳ್ಳುವುದೇ ಇದನ್ನು: ಇವರಲ್ಲಿ ಈ ಕೆಲಸ ಗೊತ್ತಿರುವವರು ಯಾರು?

ಇಲ್ಲಿ ಇನ್ನೊಂದು ಎಚ್ಚರ. ಸಲಹಾ ಮಂಡಳಿ ಬೇರೆ, ನಿರ್ದೇಶಕ ಮಂಡಳಿ ಬೇರೆ. ನಿರ್ದೇಶಕರಿಗೆ ಮತವಿರುತ್ತದೆ, ಕಂಪನಿಯ ಹಿತ ಕಾಯುವ ಕಾನೂನಿನ ಹೊಣೆ ಇರುತ್ತದೆ. ಸಲಹೆಗಾರರಿಗೆ ಸಾಮಾನ್ಯವಾಗಿ ಎರಡೂ ಇರುವುದಿಲ್ಲ. ಬರೀ ‘ಮಂಡಳಿ ಸದಸ್ಯರು’ ಎಂದು ಬರೆದರೆ ಓದುಗರಿಗೆ ಗೊಂದಲವಾಗುತ್ತದೆ, ಸಲಹೆಗಾರರಿಗೆ ಬೇಡದ ತಲೆನೋವೂ ಬರಬಹುದು. ಎಲ್ಲ ಕಡೆ ‘ಸಲಹಾ ಮಂಡಳಿಯ ಸದಸ್ಯರು’ ಅಥವಾ ಸರಳವಾಗಿ ‘ಸಲಹೆಗಾರರು’ ಎಂದೇ ಇರಲಿ.

## ಸಹಾಯದ ಸಾಲುಗಳು

ಹೆಚ್ಚಿನ ಪರಿಚಯಗಳು ಸೋಲುವುದು ಇಲ್ಲಿ. ‘ಮಾರ್ಗದರ್ಶನ ನೀಡುತ್ತಾರೆ’, ‘ಬೆಂಬಲಿಸುತ್ತಾರೆ’, ‘ಕಾರ್ಯತಂತ್ರ ರೂಪಿಸಲು ನೆರವಾಗುತ್ತಾರೆ’ ಎಂಬ ಕ್ರಿಯಾಪದಗಳಿಂದ ಯಾವ ಚಿತ್ರವೂ ಮೂಡುವುದಿಲ್ಲ. ಓದುತ್ತಾರೆ, ತಿದ್ದುತ್ತಾರೆ, ಪರೀಕ್ಷಿಸುತ್ತಾರೆ, ಸಂದರ್ಶನ ಮಾಡುತ್ತಾರೆ, ಪರಿಚಯ ಮಾಡಿಸುತ್ತಾರೆ: ಇವು ಬೇಕು. ಕ್ರಿಯಾಪದದ ಜತೆಗೆ ಏನನ್ನು, ಯಾವ ಹಂತದಲ್ಲಿ, ಎಷ್ಟು ಸಲ ಎಂಬುದು ಸೇರಿದರೆ ವಾಕ್ಯ ನಿಲ್ಲುತ್ತದೆ.

‘ನಿಯಂತ್ರಣ ಸಂಬಂಧಿ ವಿಷಯಗಳಲ್ಲಿ ಸಲಹೆ ನೀಡುತ್ತಾರೆ’ ಎಂಬುದನ್ನು ತಿದ್ದೋಣ. ಈ ಸಲಹೆಗಾರ್ತಿ ಪೂರ್ವಾರ್ಹತೆಯ ಅರ್ಜಿ ಬರೆದುಕೊಡುವವರಲ್ಲ. ಆದರೆ ಐದು ವರ್ಷ ಖರೀದಿ ಸಮಿತಿಯಲ್ಲಿ ಕೂತು ಅಂಥ ಕಡತಗಳನ್ನು ಓದಿದವರು, ಯಾವ ದಾಖಲೆ ಇಲ್ಲದಿದ್ದರೆ ಕಡತ ಬದಿಗೆ ಹೋಗುತ್ತದೆ ಎಂದು ಬಲ್ಲವರು. ಹಾಗಾದರೆ ವಾಕ್ಯ: ‘ಪೂರ್ವಾರ್ಹತೆಯ ಕಡತವನ್ನು ಸಲ್ಲಿಸುವ ಮುನ್ನ ಖರೀದಿದಾರರ ಕಣ್ಣಿನಿಂದ ಓದಿ ಟಿಪ್ಪಣಿ ಕೊಡುತ್ತಾರೆ.’ ಇದನ್ನು ಓದಿದ ಹೂಡಿಕೆದಾರರಿಗೆ ಕಡತ ಬರೆಯುವವರು ಬೇರೆ ಯಾರೋ ಇದ್ದಾರೆ ಎಂಬುದೂ ತಿಳಿಯುತ್ತದೆ. ಆ ಪ್ರಶ್ನೆ ಬಂದರೆ ಉತ್ತರ ಸಿದ್ಧವಿರಲಿ.

‘ವ್ಯಾಪಕ ಸಂಪರ್ಕಜಾಲ’ ಎಂಬ ಪದವನ್ನು ನಾನಂತೂ ಕಂಡಲ್ಲೆಲ್ಲ ಹೊಡೆದು ಹಾಕುತ್ತೇನೆ. ಯಾರಿಗೆ ಪರಿಚಯ ಮಾಡಿಸುತ್ತಾರೆ ಎಂದು ಹೇಳಲಾಗದಿದ್ದರೆ ಆ ಸಹಾಯವನ್ನು ಬರೆಯದಿರುವುದೇ ಲೇಸು. ‘ಉಗ್ರಾಣ ನಿರ್ವಾಹಕರನ್ನು ಬಳಕೆದಾರರ ಸಂದರ್ಶನಕ್ಕಾಗಿ ಪರಿಚಯಿಸುತ್ತಾರೆ’ ಎಂದರೆ ಅದು ನಿಜವಾದ ಸಹಾಯ. ಆ ನಿರ್ವಾಹಕರು ಖರೀದಿ ತೀರ್ಮಾನಿಸುವವರಲ್ಲ ಎಂಬುದೂ ಅದರಲ್ಲೇ ಸ್ಪಷ್ಟ.

## ಮಿತಿಯನ್ನೂ ಬರೆಯಿರಿ

ಮಿತಿ ಬರೆದರೆ ಸಲಹೆಗಾರರ ಬೆಲೆ ಕಡಿಮೆಯಾಗುತ್ತದೆ ಎಂಬ ಅಳುಕು ಸಹಜ. ಕೆಲವು ಸಂದರ್ಭಗಳಲ್ಲಿ ಮಿತಿ ಬರೆಯದೇ ಇರುವುದೇ ಅಪಾಯ, ನಮ್ಮ ಉದಾಹರಣೆ ಅಂಥದ್ದೇ. ಇವರು ಇಂಥವೇ ಉಪಕರಣಗಳನ್ನು ಕೊಳ್ಳುವ ಸಮಿತಿಯಲ್ಲಿದ್ದವರು. ಈಗ ಮಾರುವ ಕಂಪನಿಯ ಸಲಹೆಗಾರರು. ಪ್ರತಿಸ್ಪರ್ಧಿ ಕಂಪನಿಯವರು ಮೊದಲು ಎತ್ತುವ ಆಕ್ಷೇಪ ಇದೇ ಆಗಿರುತ್ತದೆ. ಆದ್ದರಿಂದ ಹಿಂದಿನ ಸಂಸ್ಥೆಯ ನಿಯಮಗಳನ್ನು ಮೊದಲು ನೋಡಬೇಕು: ನಿವೃತ್ತಿಯ ನಂತರ ಇಷ್ಟು ಕಾಲ ಸರಬರಾಜುದಾರರ ಜತೆ ಕೆಲಸ ಮಾಡಬಾರದು ಎಂಬ ಷರತ್ತು ಇದ್ದರೆ ಆ ಅವಧಿ ಮುಗಿದಿದೆಯೇ? ಮುಗಿಯದಿದ್ದರೆ ಪರಿಚಯ ಬರೆಯುವುದಿರಲಿ, ಒಪ್ಪಂದವನ್ನೇ ಮುಂದೂಡಬೇಕು. ಮುಗಿದಿದ್ದರೂ, ಆ ಸಂಸ್ಥೆಯ ಖರೀದಿಗಳಲ್ಲಿ ಇವರು ಪಾಲ್ಗೊಳ್ಳುವುದಿಲ್ಲ ಎಂಬ ಒಂದು ವಾಕ್ಯ ಪರಿಚಯದಲ್ಲೇ ಇರಲಿ.

ಸಲಹೆಗಾರರು ಇನ್ನೂ ನೌಕರಿಯಲ್ಲಿದ್ದರೆ ಅವರ ಕಂಪನಿಯ ಲಿಖಿತ ಅನುಮತಿ ಪಡೆಯಿರಿ. ಕಂಪನಿಯ ಲೋಗೊ ಬಳಸುವುದು ಬೇರೆಯೇ ಅನುಮತಿ. ವೈದ್ಯರು, ವಿಜ್ಞಾನಿಗಳಾದರೆ ಮತ್ತೊಂದು ಸೂಕ್ಷ್ಮವಿದೆ: ಸಲಹೆ ಕೊಡುವುದು ಉತ್ಪನ್ನವನ್ನು ಪ್ರಮಾಣೀಕರಿಸಿದಂತೆ ಅಲ್ಲ. ‘ಇವರ ಮೇಲ್ವಿಚಾರಣೆಯಲ್ಲಿ ಸಿದ್ಧವಾದ’ ಎಂಬಂಥ ಮಾತು ಹಾಗೆ ಕೇಳಿಸುತ್ತದೆ, ಅದನ್ನು ಬಿಡಿ.

## ತಿದ್ದಿದ ಪರಿಚಯ

ಇಷ್ಟಾದ ಮೇಲೆ ಹೊರಬಂದದ್ದು ಇದು:

> 14 ವರ್ಷ ಪ್ರಾದೇಶಿಕ ಲಸಿಕೆ ಉಗ್ರಾಣಗಳನ್ನು ನಡೆಸಿದವರು. ಉಗ್ರಾಣದ ಶೀತಲ ಕೋಣೆಯಿಂದ ಆರೋಗ್ಯ ಕೇಂದ್ರದ ಫ್ರಿಜ್‌ವರೆಗಿನ ಸಾಗಾಟ ಅವರ ಹೊಣೆಯಾಗಿತ್ತು. ಹೆಪ್ಪುಗಟ್ಟಿ ಕೆಟ್ಟ ಲಸಿಕೆಯನ್ನು ಪತ್ತೆಹಚ್ಚಿ, ಬಳಸಬೇಕೋ ಎಸೆಯಬೇಕೋ ಎಂದು ತೀರ್ಮಾನಿಸುತ್ತಿದ್ದವರು ಅವರೇ. ಕೊನೆಯ ಐದು ವರ್ಷ ತಾಪಮಾನ ದಾಖಲೆ ಉಪಕರಣಗಳ ಖರೀದಿ ಸಮಿತಿಯಲ್ಲಿದ್ದು ತಾಂತ್ರಿಕ ಷರತ್ತುಗಳನ್ನು ಬರೆದಿದ್ದಾರೆ.
>
> ನಮ್ಮ ಸಂಸ್ಥಾಪಕರ ಜತೆ ತಿಂಗಳಿಗೊಮ್ಮೆ ಕೂತು ಅಲಾರಂ ನಿಯಮಗಳನ್ನು ಉಗ್ರಾಣದ ದಿನನಿತ್ಯದ ಕೆಲಸಕ್ಕೆ ಹೊಂದುತ್ತವೆಯೇ ಎಂದು ಪರೀಕ್ಷಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆಯ ಕಡತವನ್ನು ಸಲ್ಲಿಕೆಗೆ ಮುನ್ನ ಖರೀದಿದಾರರ ಕಣ್ಣಿನಿಂದ ಓದಿ ಟಿಪ್ಪಣಿ ಕೊಡುತ್ತಾರೆ. ಮೊದಲ ಪ್ರಯೋಗದ ಸ್ಥಳ ಆಯ್ಕೆಗೆ ಉಗ್ರಾಣ ನಿರ್ವಾಹಕರನ್ನು ಪರಿಚಯಿಸುತ್ತಾರೆ. ಅವರು ಹಿಂದೆ ಸೇವೆಯಲ್ಲಿದ್ದ ಸಂಸ್ಥೆಯ ಖರೀದಿ ಪ್ರಕ್ರಿಯೆಗಳಲ್ಲಿ ನಮ್ಮ ಪರವಾಗಿ ಪಾಲ್ಗೊಳ್ಳುವುದಿಲ್ಲ.

ಹಾಳೆಯಲ್ಲಿದ್ದ ಮೂರೂ ಪ್ರಶ್ನೆಗಳಿಗೆ ಇಲ್ಲಿ ಒಂದೊಂದು ವಾಕ್ಯ ಸಿಕ್ಕಿದೆ. ಹೆಸರು ಬದಲಿಸಿ ಬೇರೆಯವರಿಗೆ ಅಂಟಿಸಲು ಸಾಧ್ಯವಿಲ್ಲ. ಪದವಿ, ಪ್ರಶಸ್ತಿ ಇಲ್ಲವಲ್ಲ ಎಂದು ಕೇಳಬಹುದು. ಬೇಕಿದ್ದರೆ ಕೊನೆಗೆ ಒಂದು ಸಾಲು ಸೇರಿಸಿ, ಆದರೆ ಮೊದಲ ವಾಕ್ಯವನ್ನು ಅದಕ್ಕೆ ಬಿಟ್ಟುಕೊಡಬೇಡಿ. ಪರದೆಯ ಮೇಲೆ ಓದುವವರು ಬಹಳಷ್ಟು ಸಲ ಮೊದಲ ವಾಕ್ಯಕ್ಕೇ ನಿಲ್ಲುತ್ತಾರೆ.

ಹೂಡಿಕೆದಾರರಿಗೆ ತೋರಿಸುವ ಸ್ಲೈಡಿಗೆ ಇದು ಉದ್ದವಾಯಿತು. ಅಲ್ಲಿ ಒಂದು ಸಾಲು ಮಾತ್ರ ಹಿಡಿಯುತ್ತದೆ: ‘14 ವರ್ಷ ಲಸಿಕೆ ಉಗ್ರಾಣ ನಿರ್ವಹಣೆ, ಅಲಾರಂ ನಿಯಮ ಮತ್ತು ಪೂರ್ವಾರ್ಹತೆ ಕಡತದ ಪರಿಶೀಲನೆ.’ ಅರ್ಧ ಪರಿಣತಿ, ಅರ್ಧ ಸಹಾಯ. ಜಾಗ ಸಾಲದೆಂದು ಕತ್ತರಿಸುವಾಗ ಜನ ಸಹಾಯದ ಅರ್ಧವನ್ನೇ ಕತ್ತರಿಸುತ್ತಾರೆ, ಹಾಗೆ ಮಾಡಬೇಡಿ.

## ಒಪ್ಪಂದದ ಪಕ್ಕದಲ್ಲಿಟ್ಟು ಓದಿ

ಪರಿಚಯದಲ್ಲಿ ಹೇಳಿದ ಸಹಾಯವೂ ಸಲಹೆಗಾರರ ಒಪ್ಪಂದದಲ್ಲಿ ಬರೆದ ಕೆಲಸವೂ ಒಂದೇ ಆಗಿರಬೇಕು. ಫೌಂಡರ್ ಇನ್‌ಸ್ಟಿಟ್ಯೂಟ್ ಪ್ರಕಟಿಸಿರುವ ಫಾಸ್ಟ್ ಎಂಬ ಮಾದರಿ ಒಪ್ಪಂದವನ್ನು ಅನೇಕ ಸ್ಟಾರ್ಟ್‌ಅಪ್‌ಗಳು ಬಳಸುತ್ತವೆ. ಅದರಲ್ಲಿ ಸಲಹೆಗಾರರು ಎಷ್ಟು ತೊಡಗಿಸಿಕೊಳ್ಳುತ್ತಾರೆ ಎಂಬುದಕ್ಕೆ ಮೂರು ಮಟ್ಟಗಳಿವೆ. ಐಡಿಯಾ ಹಂತದ ಕಂಪನಿಯಲ್ಲಿ ಕೆಳಗಿನ ಮಟ್ಟಕ್ಕೆ ಶೇ 0.25, ಮೇಲಿನದಕ್ಕೆ ಶೇ 1ರಷ್ಟು ಷೇರು. ಕಂಪನಿ ಬೆಳೆದಂತೆ ಈ ಪ್ರಮಾಣ ಇಳಿಯುತ್ತದೆ. ಷೇರು ಎರಡು ವರ್ಷಗಳಲ್ಲಿ ತಿಂಗಳ ಲೆಕ್ಕದಲ್ಲಿ ಕೈಸೇರುತ್ತದೆ, ಮೊದಲ ಮೂರು ತಿಂಗಳೊಳಗೆ ಬಿಟ್ಟುಹೋದರೆ ಏನೂ ಸಿಗುವುದಿಲ್ಲ.

ಪರಿಚಯದಲ್ಲಿ ‘ತಿಂಗಳಿಗೊಮ್ಮೆ’ ಎಂದಿದ್ದು ಒಪ್ಪಂದದಲ್ಲಿ ‘ಅಗತ್ಯವಿದ್ದಾಗ’ ಎಂದಿದ್ದರೆ ಎರಡರಲ್ಲಿ ಒಂದು ಸುಳ್ಳು. ಹೂಡಿಕೆಗೆ ಮುನ್ನ ಪರಿಶೀಲಿಸುವವರು ಇಂಥ ಕಡೆ ಸಲಹೆಗಾರರಿಗೇ ಫೋನ್ ಮಾಡುತ್ತಾರೆ. ಕೇಳುವುದು ಸರಳ ಪ್ರಶ್ನೆ: ಕಳೆದ ಸಲ ಅವರು ನಿಮ್ಮನ್ನು ಏನು ಕೇಳಿದರು? ಉತ್ತರಕ್ಕೆ ತಡವರಿಸಿದರೆ ಆ ಪುಟದಲ್ಲಿರುವ ಉಳಿದವರ ಮೇಲೂ ಅನುಮಾನ ಹುಟ್ಟುತ್ತದೆ.

ಪ್ರಕಟಿಸುವ ಮುನ್ನ ಪೂರ್ಣ ಪಠ್ಯವನ್ನು ಸಲಹೆಗಾರರಿಗೆ ಕಳಿಸಿ, ‘ಒಪ್ಪಿದ್ದೇನೆ’ ಎಂಬ ಉತ್ತರವನ್ನು ಬರಹದಲ್ಲೇ ಪಡೆಯಿರಿ. ಕಳಿಸುವಾಗ ‘ಚೆನ್ನಾಗಿದೆಯಾ?’ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ‘ಇದರಲ್ಲಿ ಯಾವ ವಾಕ್ಯವನ್ನು ನಿಮ್ಮ ಹಳೆಯ ಸಹೋದ್ಯೋಗಿ ಒಪ್ಪಲಿಕ್ಕಿಲ್ಲ?’ ಎಂದು ಕೇಳಿ ನೋಡಿ. ನಮ್ಮ ಉದಾಹರಣೆಯಲ್ಲಿ ಆ ಪ್ರಶ್ನೆಯಿಂದಲೇ ‘ತಾಂತ್ರಿಕ ಷರತ್ತುಗಳನ್ನು ಬರೆದಿದ್ದಾರೆ’ ಎಂಬುದು ‘ಷರತ್ತುಗಳನ್ನು ಬರೆದ ತಂಡದಲ್ಲಿದ್ದರು’ ಎಂದು ಬದಲಾಯಿತು.

## ಆಮೇಲೆ

ಸಹಾಯದ ಸಾಲುಗಳಿಗೆ ಆಯುಷ್ಯ ಕಡಿಮೆ. ಪೂರ್ವಾರ್ಹತೆಯ ಕಡತ ಸಲ್ಲಿಕೆಯಾದ ಮೇಲೂ ‘ಸಲ್ಲಿಕೆಗೆ ಮುನ್ನ ಓದುತ್ತಾರೆ’ ಎಂದೇ ಇದ್ದರೆ ಪುಟ ಹಳತಾಯಿತು ಎಂದು ಗೊತ್ತಾಗುತ್ತದೆ. ಆರು ತಿಂಗಳಿಗೊಮ್ಮೆ ಪ್ರಶ್ನೆಗಳ ಹಾಳೆಯನ್ನು ಹೊಸದಾಗಿ ಬರೆಯಿರಿ, ಎರಡನೇ ಪ್ಯಾರಾವನ್ನು ಅದಕ್ಕೆ ತಕ್ಕಂತೆ ತಿದ್ದಿ. ಮೊದಲ ಪ್ಯಾರಾವನ್ನು ಮುಟ್ಟಬೇಕಾಗಿ ಬರುವುದು ಅಪರೂಪ. ಹೊಸ ಹಾಳೆಯಲ್ಲಿ ಈ ಸಲಹೆಗಾರರಿಗೆ ಕೇಳುವ ಪ್ರಶ್ನೆ ಒಂದೂ ಉಳಿದಿಲ್ಲವಾದರೆ ಅವರ ಜತೆ ಮಾತಾಡಿ, ಒಪ್ಪಂದ ಮುಗಿಸುವುದೋ ಬೇರೆ ಕೆಲಸಕ್ಕೆ ಬದಲಿಸುವುದೋ ತೀರ್ಮಾನಿಸಿ. ಮುಗಿದರೆ ಹೆಸರು ಮತ್ತು ಫೋಟೊವನ್ನು ವೆಬ್‌ಸೈಟಿನಿಂದ ಮಾತ್ರವಲ್ಲ, ಹೂಡಿಕೆದಾರರಿಗೆ ಕಳಿಸುವ ಸ್ಲೈಡ್‌ಗಳಿಂದಲೂ ಅದೇ ವಾರ ತೆಗೆಯಿರಿ. ಹಳೆಯ ಸ್ಲೈಡುಗಳು ಯಾರ ಯಾರ ಇನ್‌ಬಾಕ್ಸಿನಲ್ಲಿವೆಯೋ ಹೇಳಲಾಗದು. ಅದಕ್ಕೇ ಸ್ಲೈಡಿನ ಕೆಳಮೂಲೆಯಲ್ಲಿ ತಿಂಗಳು ಮತ್ತು ವರ್ಷ ಹಾಕುವ ಅಭ್ಯಾಸವನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿ.